ಥೈರಾಯ್ಡ್ ಮತ್ತು ರಕ್ತದೊತ್ತಡದ ಕೆಳಗಿನ ಅಂಕಿ

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಬಿ.ಪಿ. ಏರಬಹುದು, ಮಂದವಾದರೂ ಏರಬಹುದು. ಆದರೆ ಎರಡರಲ್ಲೂ ಏರುವುದು ಒಂದೇ ಅಂಕಿಯಲ್ಲ. ಹಾರ್ಮೋನು ಹೆಚ್ಚಾದಾಗ ಮೇಲಿನ ಅಂಕಿಯಾದ ಸಿಸ್ಟೊಲಿಕ್ ಏರಿ, ಕೆಳಗಿನ ಅಂಕಿಯಾದ ಡಯಾಸ್ಟೊಲಿಕ್ ಇಳಿಯುತ್ತದೆ; ಹಾರ್ಮೋನು ಕಡಿಮೆಯಾದಾಗ ಮುಖ್ಯವಾಗಿ ಏರುವುದು ಕೆಳಗಿನ ಅಂಕಿ. ನಮ್ಮಲ್ಲಿ ಬಿ.ಪಿ. ಎಷ್ಟೆಂದು ಕೇಳಿದರೆ ಬಹುಪಾಲು ಜನ ಮೇಲಿನ ಅಂಕಿಯನ್ನಷ್ಟೇ ಹೇಳುತ್ತಾರೆ. ಥೈರಾಯ್ಡ್ ವಿಷಯದಲ್ಲಿ ಆ ಅರ್ಧ ಉತ್ತರ ಸಾಲದು.

ಎರಡೂ ಕಾಯಿಲೆಗಳ ವಿವರಣೆ ದಿನನಿತ್ಯದ ಬಿ.ಪಿ. ಅಳತೆಗಿಂತ ಹಳೆಯದು. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಗಳಗಂಡದೊಂದಿಗೆ ಎದೆ ತೀವ್ರವಾಗಿ ಹೊಡೆದುಕೊಳ್ಳುತ್ತಿದ್ದ ಮಹಿಳೆಯರ ಬಗ್ಗೆ ಬರೆದರು. ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ಮುಖ ಊದಿ, ಮಾತು ಮತ್ತು ನಡೆ ನಿಧಾನವಾದ ಮಹಿಳೆಯರನ್ನು ವರ್ಣಿಸಿದರು. ಆಗ ವೈದ್ಯರು ರಕ್ತದೊತ್ತಡವನ್ನು ಹೆಚ್ಚಾಗಿ ನಾಡಿ ಹಿಡಿದ ಬೆರಳಿನಿಂದಲೇ ಅಂದಾಜಿಸುತ್ತಿದ್ದರು. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿ ಮತ್ತು ಪಾದರಸದ ಕೊಳವೆಯನ್ನು ರೂಪಿಸಿದರು. ಅದರಲ್ಲಿಯೂ ಮಣಿಕಟ್ಟಿನ ನಾಡಿ ಮಾಯವಾಗುವ ಮಟ್ಟವನ್ನು, ಅಂದರೆ ಮೇಲಿನ ಅಂಕಿಯನ್ನು ಮಾತ್ರ ತಿಳಿಯಲು ಸಾಧ್ಯವಿತ್ತು. ರಷ್ಯಾದ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ಮೊಣಕೈ ಮಡಿಕೆಯ ಬಳಿ ಸ್ಟೆತಸ್ಕೋಪ್ ಇಟ್ಟು, ಪಟ್ಟಿಯ ಗಾಳಿ ಇಳಿಯುವಾಗ ಸದ್ದು ಹುಟ್ಟುವ ಮತ್ತು ನಿಲ್ಲುವ ಎರಡು ಕ್ಷಣಗಳನ್ನು ಗುರುತಿಸಿದರು. ಕೆಳಗಿನ ಅಂಕಿ ದಿನನಿತ್ಯದ ತಪಾಸಣೆಗೆ ಸಿಕ್ಕಿದ್ದು ಈ ವಿಧಾನದಿಂದಲೇ.

ಎರಡು ಅಂಕಿಗಳು ಬೇರೆ ದಾರಿ ಹಿಡಿಯಲು ಕಾರಣ ಥೈರಾಯ್ಡಿನ ಟಿ3 ಹಾರ್ಮೋನು. ಅದು ಸಣ್ಣ ರಕ್ತನಾಳಗಳ ಸ್ನಾಯುವನ್ನು ಸಡಿಲಿಸುತ್ತದೆ, ಹೃದಯದ ಬಡಿತವನ್ನು ಬಲಗೊಳಿಸಿ ವೇಗವಾಗಿಸುತ್ತದೆ. ಹಾರ್ಮೋನು ಹೆಚ್ಚಾದರೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ದೂಡುವುದರಿಂದ ಮೇಲಿನ ಅಂಕಿ ಏರುತ್ತದೆ. ಅಗಲವಾದ ಸಣ್ಣ ನಾಳಗಳ ಮೂಲಕ ಆ ರಕ್ತ ಬೇಗನೆ ಹರಿದುಹೋಗುವುದರಿಂದ ಎರಡು ಬಡಿತಗಳ ನಡುವಿನ ಒತ್ತಡ ಕುಸಿಯುತ್ತದೆ. ಹಾರ್ಮೋನು ಕಡಿಮೆಯಾದರೆ ಹೃದಯ ನಿಧಾನವಾಗಿ, ಸ್ವಲ್ಪವೇ ದೂಡುತ್ತದೆ, ಆದರೆ ನಾಳಗಳು ಬಿಗಿದುಕೊಂಡಿರುವುದರಿಂದ ಬಡಿತಗಳ ನಡುವೆಯೂ ಒತ್ತಡ ಇಳಿಯುವುದಿಲ್ಲ.

ಮಂದ ಥೈರಾಯ್ಡಿನಿಂದ ಬಿ.ಪಿ. ಏರುತ್ತದೆಯೇ, ಅಥವಾ ವಯಸ್ಸಾದವರಲ್ಲಿ ಎರಡೂ ಕಾಯಿಲೆ ಜೊತೆಯಾಗಿ ಕಾಣಿಸುತ್ತವೆಯೇ ಎಂಬ ಸಂಶಯಕ್ಕೆ ಸ್ಪಷ್ಟ ಉತ್ತರ ಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಅಮೆರಿಕದ ಡೇವಿಡ್ ಸ್ಟ್ರೀಟನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ. ಅತಿ ಥೈರಾಯ್ಡಿಗೆ ವಿಕಿರಣ ಅಯೋಡಿನ್ ಪಡೆದು, ಅದರ ಫಲವಾಗಿ ಗ್ರಂಥಿ ಮಂದವಾದ 40 ಮಂದಿಯನ್ನು ಅವರು ಗಮನಿಸಿದರು. ಚಿಕಿತ್ಸೆಗೆ ಮೊದಲು 90ಕ್ಕಿಂತ ಕೆಳಗಿದ್ದ ಡಯಾಸ್ಟೊಲಿಕ್ 16 ಮಂದಿಯಲ್ಲಿ 90 ದಾಟಿತು. ಅದೇ ದೇಹ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋದದ್ದರಿಂದ ವಯಸ್ಸಿನ ನೆಪ ಇಲ್ಲಿ ನಿಲ್ಲಲಿಲ್ಲ. ಹಾರ್ಮೋನು ಸರಿಪಡಿಸಿದಾಗ ಎಲ್ಲರದ್ದಲ್ಲದಿದ್ದರೂ ಅವರಲ್ಲಿ ಹಲವರ ಒತ್ತಡ ಮತ್ತೆ ಇಳಿಯಿತು.

ಇಂತಹ ರೋಗಿಯೊಬ್ಬರ ಚೀಟಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕೈ ನಡುಗುತ್ತಾ, ನಾಡಿ 112 ಇದ್ದಾಗ ಬಿ.ಪಿ. 148/60. ವಿಕಿರಣ ಅಯೋಡಿನ್ ಪಡೆದು ಕೆಲವು ತಿಂಗಳಾದ ಮೇಲೆ ಚಳಿ, ಮಲಬದ್ಧತೆ ಶುರುವಾಗಿ ನಾಡಿ 58ಕ್ಕೆ ಇಳಿದಾಗ 134/98. ಮೇಲಿನ ಅಂಕಿಯನ್ನಷ್ಟೇ ನೋಡಿದವರು ಸುಧಾರಣೆಯಾಗಿದೆ ಎನ್ನುತ್ತಾರೆ. ಕೆಳಗಿನ ಅಂಕಿಗೆ ಎರಡರ ಅಂತರದ ಮೂರನೆಯ ಒಂದು ಭಾಗ ಕೂಡಿಸಿದರೆ ಸರಾಸರಿ ಒತ್ತಡ ಸಿಗುತ್ತದೆ: ಮೊದಲ ಸಲ ಸುಮಾರು 89, ಎರಡನೆಯ ಸಲ 110. ನಾಳಗಳ ಮೇಲಿನ ನಿರಂತರ ಹೊರೆ ನಿಜಕ್ಕೂ ಹೆಚ್ಚಾಗಿದೆ. ಎರಡು ಅಂಕಿಗಳ ಅಂತರವೂ 88ರಿಂದ 36ಕ್ಕೆ ಇಳಿದಿದೆ. ಗ್ರಂಥಿಯ ಸ್ಥಿತಿ ಬದಲಾಗಿದೆ ಎಂಬ ಸುಳಿವು ಅಲ್ಲಿಯೇ ಇದೆ.

ಆದರೆ ಇದು ಸುಳಿವು ಮಾತ್ರ. ವಯಸ್ಸಾದವರಲ್ಲಿ ದೊಡ್ಡ ರಕ್ತನಾಳಗಳು ಗಡುಸಾದಾಗ, ಮಹಾಪಧಮನಿಯ ಕವಾಟ ಸೋರಿದಾಗ ಅಥವಾ ತೀವ್ರ ರಕ್ತಹೀನತೆಯಲ್ಲಿಯೂ ಅಂತರ ಅಗಲವಾಗುತ್ತದೆ. ಹೀಗಾಗಿ ನಿರ್ಣಯ ಗ್ರಂಥಿಯ ಸ್ಥಿತಿ ತಿಳಿಸುವ ಟಿಎಸ್‌ಎಚ್ ಮತ್ತು ಟಿ4 ರಕ್ತಪರೀಕ್ಷೆಯಿಂದಲೇ ಆಗಬೇಕು. ಅಳೆಯುವಾಗಲೂ ಒಂದು ತೊಡಕಿದೆ: ಅತಿ ಥೈರಾಯ್ಡಿನಲ್ಲಿ ರಕ್ತ ಬಿರುಸಾಗಿ ಹರಿಯುವುದರಿಂದ, ಕೆಲವರಲ್ಲಿ ಸ್ಟೆತಸ್ಕೋಪಿನ ಸದ್ದು ಸೊನ್ನೆಯ ಹತ್ತಿರದವರೆಗೂ ನಿಲ್ಲುವುದಿಲ್ಲ. ಆಗ ಸದ್ದು ಮಸುಕಾದ ಮಟ್ಟವನ್ನು ಕೆಳಗಿನ ಅಂಕಿಯಾಗಿ ಬರೆದುಕೊಳ್ಳುತ್ತಾರೆ.

ಮಂದ ಥೈರಾಯ್ಡಿಗೆ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ ಆರಂಭಿಸಿದರೆ ಸಾಮಾನ್ಯವಾಗಿ 6ರಿಂದ 8 ವಾರಗಳ ಬಳಿಕ ಟಿಎಸ್‌ಎಚ್ ನೋಡಿ ಪ್ರಮಾಣ ಹೊಂದಿಸುತ್ತಾರೆ. ಹಾರ್ಮೋನು ಸಹಜ ಮಟ್ಟಕ್ಕೆ ಬಂದಂತೆ ನಾಳಗಳ ಬಿಗಿತ ಕಡಿಮೆಯಾಗುತ್ತದೆ. ಅಷ್ಟರೊಳಗೆ ಬಿ.ಪಿ. ಮಾತ್ರೆ ಶುರುವಾಗಿದ್ದರೆ ಅದರ ಪ್ರಮಾಣವನ್ನೂ ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ. ಇಲ್ಲವಾದರೆ ಕುಳಿತಲ್ಲಿಂದ ಎದ್ದಾಗ ತಲೆ ಸುತ್ತುವಷ್ಟು ಒತ್ತಡ ಇಳಿಯಬಹುದು. ನಾಳಗಳು ಮೊದಲೇ ಗಡುಸಾಗಿರುವ ಹಿರಿಯರಲ್ಲಿ ಹಾರ್ಮೋನು ಸರಿಯಾದ ಮೇಲೂ ಆ ಮಾತ್ರೆ ಮುಂದುವರಿಯುವುದುಂಟು.