ಏಟ್ರಿಯಲ್ ಫ್ಲಟರ್: 150ರಲ್ಲಿ ಗೂಟ ಹೊಡ್ಕೊಂಡು ನಿಂತಿರೋ ಪಲ್ಸ್ ಕಂಡ್ರೆ ಗರಗಸ ಹುಡುಕಿ

ಹೌಸ್ ಸರ್ಜನ್ಸಿ ಟೈಮಲ್ಲಿ ನಾನು ಒಂದು ಇಸಿಜಿ ನೋಡಿ ಸೈನಸ್ ಟ್ಯಾಕಿಕಾರ್ಡಿಯಾ ಅಂತ ಬರೆದು ಫ್ಲೂಯಿಡ್ ಹಾಕಿಸಿದ್ದೆ, ಒಂದು ಗಂಟೆ ಆದ್ಮೇಲೂ ಪಲ್ಸ್ 150, ಎರಡು ಗಂಟೆ ಆದ್ಮೇಲೂ 150, ಆಗ ಬಂದ ಪಿಜಿ ಆ ಪೇಪರನ್ನ ತಲೆಕೆಳಗೆ ಹಿಡಿದು ನನ್ನ ಮುಖದ ಮುಂದೆ ಇಟ್ರು, ಹಲ್ಲುಗಳು ಸಾಲಾಗಿ ಕಾಣಿಸ್ತಿದ್ವು. ಅವತ್ತಿಂದ ಫ್ಲಟರ್ ಮರೆತಿಲ್ಲ. ಹೆಚ್ಚು ಜನ ಎಡವೋದು ಇಲ್ಲೇ, ಹಂಗಾಗಿ ಈ ನೋಟ್ಸ್ ಪೂರ್ತಿ ಆ 150ರ ಸುತ್ತನೇ ಇಟ್ಟಿದೀನಿ.

ಮೊದ್ಲು 150 ಎಲ್ಲಿಂದ ಬರತ್ತೆ ನೋಡೋಣ. ಟಿಪಿಕಲ್ ಫ್ಲಟರ್‌ನಲ್ಲಿ ಕರೆಂಟು ಬಲ ಏಟ್ರಿಯಮ್ ಒಳಗೆ ಟ್ರೈಕಸ್ಪಿಡ್ ವಾಲ್ವ್‌ನ ಸುತ್ತ ಒಂದೇ ದಾರೀಲಿ ಗಾಣದ ಎತ್ತಿನ ಥರ ಸುತ್ತುತ್ತಾ ಇರತ್ತೆ. ಒಂದು ಸುತ್ತಿಗೆ ಸುಮಾರು 0.2 ಸೆಕೆಂಡು, ಅಂದ್ರೆ ನಿಮಿಷಕ್ಕೆ 300 ಸುತ್ತು. ಇಸಿಜಿ ಪೇಪರ್ ಸೆಕೆಂಡಿಗೆ 25 ಮಿಲಿಮೀಟರ್ ಓಡುವಾಗ 0.2 ಸೆಕೆಂಡು ಅಂದ್ರೆ ಸರಿಯಾಗಿ ಒಂದು ದೊಡ್ಡ ಚೌಕ. ಸೋ ಪ್ರತಿ ದೊಡ್ಡ ಚೌಕಕ್ಕೆ ಒಂದು ಹಲ್ಲು. ಏಟ್ರಿಯಮ್‌ಗೂ ವೆಂಟ್ರಿಕಲ್‌ಗೂ ಮಧ್ಯ ಗೇಟ್ ಥರ ಇರೋ ಎವಿ ನೋಡ್ ಈ 300ನ್ನೂ ಕೆಳಗೆ ಬಿಡಲ್ಲ, ಒಂದು ಬಿಟ್ಟು ಒಂದು ಬಿಡತ್ತೆ, ಅದೇ 2:1 ಬ್ಲಾಕ್, ಕೆಳಗೆ ವೆಂಟ್ರಿಕಲ್‌ಗೆ ಸಿಗೋದು 150. ಎಲ್ಲರಿಗೂ ಕರೆಕ್ಟಾಗಿ 300 ಇರಲ್ಲ, 250ರಿಂದ 350ರ ಆಸುಪಾಸು, ದೊಡ್ಡದಾದ ಏಟ್ರಿಯಮ್ ಇದ್ರೆ ಅಥವಾ ಆಂಟಿ ಅರಿದ್ಮಿಕ್ ಮಾತ್ರೆ ತಗೋತಿದ್ರೆ ಇನ್ನೂ ನಿಧಾನ.

ಗರಗಸ ಚೆನ್ನಾಗಿ ಕಾಣೋದು ಲೀಡ್ ಟು, ತ್ರೀ, ಎವಿಎಫ್‌ನಲ್ಲಿ. ಸಾಮಾನ್ಯವಾಗಿ ಕರೆಂಟು ಗಡಿಯಾರದ ವಿರುದ್ಧ ದಿಕ್ಕಲ್ಲಿ ಸುತ್ತತ್ತೆ, ಆಗ ಈ ಮೂರು ಲೀಡಲ್ಲಿ ಹಲ್ಲು ಕೆಳಮುಖ, ವಿ ಒನ್‌ನಲ್ಲಿ ಮೇಲ್ಮುಖ. ಹಲ್ಲು ಹಲ್ಲಿನ ಮಧ್ಯ ನೇರವಾದ ಗೆರೆ ಸಿಗಲ್ಲ, ಯಾಕಂದ್ರೆ ಏಟ್ರಿಯಮ್‌ನ ಯಾವುದಾದ್ರೂ ಒಂದು ಭಾಗದಲ್ಲಿ ಕರೆಂಟು ಹರೀತಾನೇ ಇರತ್ತೆ, ರೆಸ್ಟ್ ಅನ್ನೋದೇ ಇಲ್ಲ.

ತೊಂದ್ರೆ ಏನಂದ್ರೆ 2:1 ಇದ್ದಾಗ ಎರಡು ಹಲ್ಲಲ್ಲಿ ಒಂದು ಕ್ಯೂಆರ್‌ಎಸ್ ಒಳಗೋ ಟಿ ವೇವ್ ಒಳಗೋ ಅಡಗಿ ಕೂತಿರತ್ತೆ, ಇನ್ನೊಂದು ಪಿ ವೇವ್ ಥರ ವೇಷ ಹಾಕ್ಕೊಂಡಿರತ್ತೆ. ಅದಕ್ಕೆ ನಾನು ಮಾಡೋದು ಇಷ್ಟೇ: ಒಂದು ಪೇಪರ್ ಚೂರು ತಗೊಂಡು ಎರಡು ಕ್ಯೂಆರ್‌ಎಸ್ ಮಧ್ಯದ ಅಂತರಾನ ಅಂಚಲ್ಲಿ ಗುರುತು ಹಾಕಿ, ಅದರ ಅರ್ಧಕ್ಕೆ ಇನ್ನೊಂದು ಗುರುತು ಹಾಕ್ತೀನಿ, ಕಾಣೋ ‘ಪಿ’ ಮೇಲೆ ಒಂದು ಗುರುತು ಇಟ್ರೆ ಮುಂದಿನದು ಎಲ್ಲಿ ಬೀಳತ್ತೋ ಅಲ್ಲಿ ಒಂದು ಸಣ್ಣ ಕೊಂಕು ಸಿಕ್ಕಿದ್ರೆ ಕಳ್ಳ ಸಿಕ್ಕಂಗೆ. ಸಿಗದೇ ಇದ್ರೂ ಫ್ಲಟರ್ ಅಲ್ಲ ಅಂತ ಹೇಳಕ್ಕಾಗಲ್ಲ.

ಈಗ ಒಂದು ಕೇಸ್ ಇಟ್ಕೊಳ್ಳೋಣ. 62 ವರ್ಷದ ಗಂಡಸು, ಬಿಪಿ, ಶುಗರ್ ಎರಡೂ ಇದೆ, ಎರಡು ದಿನದಿಂದ ಎದೆ ಡವಡವ, ಪಲ್ಸ್ 150 ರೆಗ್ಯುಲರ್, ಬಿಪಿ 124/80, ಜ್ವರ ಇಲ್ಲ, ನೋವಿಲ್ಲ. ಸೈನಸ್ ಆಗಿದ್ರೆ ಮಲಗಿದಾಗ ಒಂದು, ಎದ್ದು ಕೂತ್ರೆ ಇನ್ನೊಂದು ಇರ್ಬೇಕಿತ್ತು, ಇದು ಅಲ್ಲಾಡ್ತಾನೇ ಇಲ್ಲ. ಅಡೆನೋಸಿನ್ 6 ಮಿಲಿಗ್ರಾಂ ಫಾಸ್ಟಾಗಿ ಪುಶ್ ಮಾಡಿ, ಅದರ ಹಿಂದೇನೇ ಸಲೈನ್ ಬಿಟ್ರು, ಇಸಿಜಿ ಸ್ಟ್ರಿಪ್ ಓಡ್ತಾನೇ ಇತ್ತು. ಕೆಲವು ಸೆಕೆಂಡು ಕ್ಯೂಆರ್‌ಎಸ್ ಮಾಯ, ಹಿಂದೆ ಬರೀ ಗರಗಸ, ಚೌಕಕ್ಕೊಂದು ಹಲ್ಲು, ಆಮೇಲೆ ವಾಪಸ್ 150. ಇಲ್ಲಿ ‘ಔಷಧಿ ಫೇಲ್ ಆಯ್ತು’ ಅಂತ ಬರೀಬೇಡಿ. ಅಡೆನೋಸಿನ್ ಗೇಟ್ ಮುಚ್ಚತ್ತೆ ಅಷ್ಟೇ, ಸುತ್ತು ಇರೋದು ಗೇಟಿನ ಆಚೆ, ಮೇಲುಗಡೆ. ಎವಿ ನೋಡೇ ಸುತ್ತಿನ ಭಾಗವಾಗಿರೋ ಎಸ್‌ವಿಟಿ ಆಗಿದ್ರೆ ನಿಂತು ಹೋಗ್ತಿತ್ತು. ಸ್ಟ್ರಿಪ್ ಓಡಿಸದೇ ಕೊಟ್ರೆ ಮಾತ್ರ ಎಲ್ಲಾ ವೇಸ್ಟು.

ಏಟ್ರಿಯಲ್ ಫಿಬ್ರಿಲೇಶನ್‌ಗೂ ಇದಕ್ಕೂ ಟ್ರೀಟ್‌ಮೆಂಟ್ ಬೇರೆ ಆಗೋದು ಇಲ್ಲಿಂದಾನೇ. ಫಿಬ್‌ನಲ್ಲಿ ಒಂದು ದಾರಿ ಅಂತ ಇಲ್ಲ, ಜಾತ್ರೆ ಗಲಾಟೆ, ಎವಿ ನೋಡ್‌ಗೆ ಅಡ್ಡಾದಿಡ್ಡಿ ಏಟು ಬೀಳ್ತಿರತ್ತೆ, ಅರ್ಧಕ್ಕೇ ನಿಂತ ಏಟುಗಳೇ ನೋಡನ್ನ ಸುಸ್ತು ಮಾಡಿರತ್ತೆ. ಡಿಲ್ಟಿಯಾಜೆಮ್ ಅಥವಾ ಮೆಟೊಪ್ರೊಲಾಲ್ ಕೊಟ್ರೆ ರೇಟು 140, 120, 100 ಅಂತ ಮೆಲ್ಲಗೆ ಇಳಿಯತ್ತೆ. ಫ್ಲಟರ್‌ನಲ್ಲಿ ಇಳಿಜಾರು ಇಲ್ಲ, ಮೆಟ್ಟಿಲು: 2:1 ಆದ್ರೆ 150, 3:1 ಆದ್ರೆ 100, 4:1 ಆದ್ರೆ 75. ಡೋಸ್ ಏರಿಸ್ತಾ ಹೋದ್ರೂ ಏನೂ ಆಗ್ದೆ ಆಮೇಲೆ ದಬಕ್ಕಂತ 75ಕ್ಕೆ ಬೀಳ್ಬೋದು, ಅಷ್ಟ್ರಲ್ಲಿ ಬಿಪಿನೂ ಬಿದ್ದಿರತ್ತೆ. ಹಂಗಾಗಿ ಫ್ಲಟರ್‌ನಲ್ಲಿ ರೇಟ್ ಕಂಟ್ರೋಲ್ ಮಾಡ್ಕೊಂಡು ಕೂರೋದಕ್ಕಿಂತ ರಿದಮ್ಮನ್ನೇ ಸರಿ ಮಾಡೋ ಕಡೆ ಬೇಗ ಹೋಗ್ತಾರೆ. ಶಾಕ್‌ಗೂ ಸುಲಭ, ಒಂದೇ ದಾರಿ ಮುರಿದ್ರೆ ಸಾಕಲ್ಲ, ಸಿಂಕ್ ಮಾಡಿ 50ರಿಂದ 100 ಜೂಲ್‌ಗೆ ಹೆಚ್ಚಿನವರು ಬಗ್ತಾರೆ, ಫಿಬ್‌ಗೆ ಬೈಫೇಸಿಕ್‌ನಲ್ಲಿ ಕನಿಷ್ಠ 200ರಿಂದ ಶುರು ಮಾಡ್ತಾರೆ.

ಎಕ್ಸಾಮಲ್ಲೂ ವಾರ್ಡಲ್ಲೂ ಕಾಡೋ ಗುಂಡಿ ಒಂದಿದೆ, ಫ್ಲೆಕನೈಡ್. ಫಿಬ್ ಮಾತ್ರೆ ಅಂತ ಒಂದನ್ನೇ ಕೊಟ್ರಿ ಅನ್ಕೊಳಿ. ಏಟ್ರಿಯಮ್‌ನಲ್ಲಿ ಕರೆಂಟು ನಿಧಾನ ಆಗಿ ಸುತ್ತು 300ರಿಂದ 200ಕ್ಕೆ ಇಳಿಯತ್ತೆ, ಒಳ್ಳೇದಾಯ್ತು ಅನ್ಸತ್ತೆ. ಆದ್ರೆ 300ನ್ನ ಪೂರ್ತಿ ಬಿಡಕ್ಕಾಗದ ಎವಿ ನೋಡ್ 200ನ್ನ ಆರಾಮಾಗಿ ಬಿಡತ್ತೆ, ಒಂದಕ್ಕೊಂದು. ಪಲ್ಸ್ 150 ಇದ್ದಿದ್ದು 200 ಆಗಿ, ಕ್ಯೂಆರ್‌ಎಸ್ ಅಗಲ ಆಗಿ, ವಿಟಿ ಥರ ಕಂಡು ಎಲ್ಲರ ಎದೆ ಧಸಕ್. ಅದಕ್ಕೇ ಫ್ಲೆಕನೈಡ್ ಜೊತೆ ಎವಿ ನೋಡ್ ತಡೆಯೋ ಒಂದು ಮಾತ್ರೆ ಇರ್ಲೇಬೇಕು. ಹಾರ್ಟ್ ಅಟ್ಯಾಕ್ ಆಗಿರೋರಿಗೆ, ಹಾರ್ಟ್ ಫೇಲ್ಯೂರ್ ಇರೋರಿಗೆ ಇದನ್ನ ಕೊಡೋ ಹಾಗೇ ಇಲ್ಲ.

ಪರ್ಮನೆಂಟ್ ಪರಿಹಾರ ಅಂದ್ರೆ ಅಬ್ಲೇಶನ್. ಸುತ್ತು ಹಾದು ಹೋಗಲೇಬೇಕಾದ ಒಂದು ಇಕ್ಕಟ್ಟು ಜಾಗ ಇದೆ, ಟ್ರೈಕಸ್ಪಿಡ್ ವಾಲ್ವ್‌ಗೂ ಇನ್ಫೀರಿಯರ್ ವೀನಾ ಕೇವಾಗೂ ಮಧ್ಯದ ಸಣ್ಣ ಪಟ್ಟಿ, ಇಸ್ತ್ಮಸ್ ಅಂತಾರೆ. ತೊಡೆಸಂದಿಯ ವೇನ್‌ನಿಂದ ಕ್ಯಾಥೆಟರ್ ಹಾಕಿ ಆ ಪಟ್ಟಿಗೆ ಅಡ್ಡವಾಗಿ ಒಂದು ಗೆರೆ ಸುಟ್ರೆ ಮುಗೀತು. ಫ್ಲಟರ್ ನಿಂತಿದ್ದಷ್ಟೇ ಸಾಲ್ದು, ಗೆರೆಯ ಈ ಕಡೆಯಿಂದ ಪೇಸ್ ಮಾಡಿದ್ರೂ ಆ ಕಡೆಯಿಂದ ಪೇಸ್ ಮಾಡಿದ್ರೂ ಕರೆಂಟು ದಾಟಬಾರ್ದು, ಆಗ್ಲೇ ಕೆಲ್ಸ ಆಗಿದ್ದು. 90 ಪರ್ಸೆಂಟ್‌ಗಿಂತ ಜಾಸ್ತಿ ಸಕ್ಸಸ್. ಫಿಬ್‌ನಲ್ಲಿ ಕಿಡಿ ಹೆಚ್ಚಾಗಿ ಹುಟ್ಟೋದು ಎಡ ಏಟ್ರಿಯಮ್‌ಗೆ ಬಂದು ಸೇರೋ ಪಲ್ಮನರಿ ವೇನ್‌ಗಳಲ್ಲಿ, 1998ರಲ್ಲಿ ಫ್ರಾನ್ಸ್‌ನ ಬೋರ್ಡೋದ ಹೈಸಗೇರ್ ತಂಡ ತೋರಿಸಿದ್ದು, ಅಲ್ಲಿಗೆ ಹೋಗಕ್ಕೆ ಸೆಪ್ಟಮ್ ಚುಚ್ಚಿ ದಾಟ್ಬೇಕು, ನಾಲ್ಕೂ ವೇನ್ ಸುತ್ತ ಬೇಲಿ ಹಾಕ್ಬೇಕು, ಅಷ್ಟಾದ್ರೂ ವಾಪಸ್ ಬರೋದು ಕಾಮನ್. ಹಳೇ ಹಾರ್ಟ್ ಆಪರೇಶನ್‌ನ ಕಲೆ ಸುತ್ತ ತಿರುಗೋ ಫ್ಲಟರ್‌ಗೆ ಮಾತ್ರ ಈ ಸುಲಭದ ಗೆರೆ ನಡಿಯಲ್ಲ.

ರಕ್ತ ತೆಳು ಮಾಡೋ ಮಾತ್ರೆ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ, ಸ್ಟ್ರೋಕ್ ರಿಸ್ಕ್ ಅಳೆಯೋ ಅದೇ ಚಾಡ್ಸ್ ವ್ಯಾಸ್ಕ್ ಸ್ಕೋರ್. ನಮ್ಮ ಪೇಶೆಂಟ್‌ಗೆ ಬಿಪಿಗೆ ಒಂದು, ಶುಗರ್‌ಗೆ ಒಂದು, ಒಟ್ಟು 2, ಮಾತ್ರೆ ಬೇಕು. ಶುರುವಾಗಿ ಎರಡು ದಿನ ಆಗಿರೋದ್ರಿಂದ ಟಿಇಇ ಮಾಡಿ ಎಡ ಏಟ್ರಿಯಮ್‌ನಲ್ಲಿ ಹೆಪ್ಪು ಇಲ್ಲ ಅಂತ ನೋಡ್ಕೊಂಡೇ ಶಾಕ್ ಕೊಟ್ರು, ಒಂದೇ ಶಾಕ್‌ಗೆ ಸೈನಸ್, ಆಮೇಲೆ ಅಬ್ಲೇಶನ್ನೂ ಆಯ್ತು. ಡಿಸ್ಚಾರ್ಜ್ ದಿನ ಕೇಳ್ತಾರೆ, “ಸರ್, ಸುತ್ತು ಕಟ್ ಆಯ್ತಲ್ಲ, ಈ ಮಾತ್ರೆ ಇನ್ಯಾಕೆ?” ಅಂತ. “ನೀವು ಇದನ್ನ ನಿಲ್ಲಿಸ್ಬೇಡಿ, ಇಂಥವರಲ್ಲಿ ಸುಮಾರು ಜನಕ್ಕೆ ಮುಂದೆ ಇನ್ನೊಂದು ಥರ ಬಡಿತ ಶುರುವಾಗತ್ತೆ” ಅಂತ ಹೇಳಿ ಕಳಿಸ್ಬೇಕು. ಎಂಟು ತಿಂಗಳಾದ್ಮೇಲೆ ಅವರ ಹೋಲ್ಟರ್ ಬಂತು ಅನ್ಕೊಳಿ: ಗರಗಸ ಎಲ್ಲೂ ಇಲ್ಲ, ಆದ್ರೆ ರಾತ್ರಿ ಮೂರು ಗಂಟೆ ಹೊತ್ತಿಗೆ ಇಪ್ಪತ್ತು ನಿಮಿಷ, ಪಿ ವೇವ್ ಇಲ್ಲ, ಒಂದು ಬಡಿತದ ಅಂತರ ಇನ್ನೊಂದಕ್ಕೆ ತಾಳೆ ಆಗ್ತಿಲ್ಲ.