ಬ್ರಾಡ್‌ಬ್ಯಾಂಡ್ ಬಿಟ್ಟ ದಿನಾಂಕ ಯಾವುದು?

"ಲೈನ್‌ಮನ್‌ಗೆ ಹೇಳಿದ್ದೆ ಸಾರ್, ಅವನೇ ವೈರ್ ಬಿಚ್ಕೊಂಡು ಹೋದ." ಇಂಟರ್ನೆಟ್ ಕಂಪನಿಯಿಂದ ಮುಂಗಡ ಬಾಡಿಗೆ ವಾಪಸ್ ಬರಲಿಲ್ಲವೆಂದು ನನ್ನ ಹತ್ತಿರ ಬರುವವರು ಹೆಚ್ಚಾಗಿ ಮಾತು ಶುರು ಮಾಡುವುದೇ ಹೀಗೆ. ಯಾವತ್ತು ಹೇಳಿದಿರಿ ಎಂದರೆ ದೀಪಾವಳಿ ಹತ್ತಿರ ಅಂತಾರೆ. ಬರೆದುಕೊಟ್ಟ ಪ್ರತಿ ಇದೆಯೇ ಎಂದರೆ ಮೌನ. ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ವಕೀಲನಾಗಿ ನನಗೆ ಬೇಸರ ತರುವ ವಿಷಯ ಇದೊಂದೇ, ಏಕೆಂದರೆ ಇವರಲ್ಲಿ ಬಹುತೇಕರಿಗೆ ದುಡ್ಡು ನ್ಯಾಯವಾಗಿ ಬರಬೇಕಾದದ್ದೇ.

ಕೊನೆಯ ಬಿಲ್ಲಿನ ಲೆಕ್ಕವೆಲ್ಲ ಒಂದು ದಿನಾಂಕದ ಮೇಲೆ ನಿಂತಿರುತ್ತದೆ. ನೀವು ಬಳಸುವುದನ್ನು ನಿಲ್ಲಿಸಿದ ದಿನ, ವೈರ್ ಬಿಚ್ಚಿದ ದಿನ, ಕಂಪನಿಯ ಕಂಪ್ಯೂಟರ್‌ನಲ್ಲಿ ಸಂಪರ್ಕ "ಮುಚ್ಚಲಾಗಿದೆ" ಎಂದು ದಾಖಲಾದ ದಿನ, ಈ ಮೂರೂ ಬೇರೆಬೇರೆ. ಬಿಲ್ ಓಡುವುದು ಮೂರನೆಯದರವರೆಗೆ. ಅದನ್ನು ಹಿಂದಕ್ಕೆ ತರಲು ನಿಮ್ಮ ಕೈಯಲ್ಲಿರಬೇಕಾದದ್ದು ನಾಲ್ಕನೆಯ ದಿನಾಂಕ: ಸಂಪರ್ಕ ಬೇಡವೆಂದು ನೀವು ಲಿಖಿತವಾಗಿ ಕೇಳಿದ ದಿನ. ಇಮೇಲ್ ಆಗಲಿ, ಆ್ಯಪ್‌ನಲ್ಲಿ ಹಾಕಿದ ಕೋರಿಕೆಯಾಗಲಿ, ಅದರ ಕೋರಿಕೆ ಸಂಖ್ಯೆ ಇದ್ದರೆ ಸಾಕು. ಬಾಯಿಮಾತಿಗೆ ಸಂಖ್ಯೆ ಸಿಗುವುದಿಲ್ಲ.

ಇತ್ತೀಚೆಗೆ ಬಂದ ಒಂದು ಪ್ರಕರಣ ಹೇಳುತ್ತೇನೆ. ವರ್ಗವಾಗಿ ಊರು ಬಿಟ್ಟ ಶಿಕ್ಷಕಿಯೊಬ್ಬರು. ತಿಂಗಳಿಗೆ 700 ರೂಪಾಯಿಯಂತೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 8,400, ಅದರ ಮೇಲೆ ಶೇ. 18 ಜಿಎಸ್‌ಟಿ 1,512, ಒಟ್ಟು 9,912 ರೂಪಾಯಿ ಮೊದಲೇ ಕಟ್ಟಿದ್ದರು. ಆಗಸ್ಟ್ 31ಕ್ಕೆ ಮುಚ್ಚಿ ಎಂದು ಇಮೇಲ್ ಕಳಿಸಿದ್ದರು, ಪುಣ್ಯಕ್ಕೆ. ಉಳಿದದ್ದು ಏಳು ತಿಂಗಳು, ಅಂದರೆ 4,900ಕ್ಕೆ ತೆರಿಗೆ 882 ಸೇರಿ 5,782. ಕಂಪನಿ ಕಳಿಸಿದ ಕೊನೆಯ ಬಿಲ್‌ನಲ್ಲಿ ಮರುಪಾವತಿ ಎಂದಿದ್ದದ್ದು 2,956 ಮಾತ್ರ.

ಅವರು ಸಿಟ್ಟಿನಿಂದ ಮೂರು ಪುಟ ಪತ್ರ ಬರೆದುಕೊಂಡು ಬಂದಿದ್ದರು. ಸಿಟ್ಟು ಸಹಜ. ಆದರೆ "ಮೋಸ, ದರೋಡೆ" ಎಂಬ ಪದಗಳನ್ನು ಓದುವ ಬಿಲ್ಲಿಂಗ್ ಗುಮಾಸ್ತನಿಗೆ ಯಾವ ಸಾಲನ್ನು ತಿದ್ದಬೇಕೆಂದು ತಿಳಿಯುವುದಿಲ್ಲ. ಬಿಲ್ ಬಿಡಿಸಿ ನೋಡಿದರೆ ವ್ಯತ್ಯಾಸ 2,826. ಅದರಲ್ಲಿ 826 ಸೆಪ್ಟೆಂಬರ್ ತಿಂಗಳ ಬಾಡಿಗೆ ಮತ್ತು ತೆರಿಗೆ, ಏಕೆಂದರೆ ಮೋಡೆಮ್ ಒಯ್ಯಲು ಹುಡುಗ ಬಂದದ್ದು ಸೆಪ್ಟೆಂಬರ್ 30ಕ್ಕೆ, ಸಂಪರ್ಕ ಮುಚ್ಚಿದ್ದೂ ಆವತ್ತೇ. ಉಳಿದ 2,000 "ಮೋಡೆಮ್ ಹಿಂದಿರುಗಿಸಿಲ್ಲ" ಎಂಬ ಶುಲ್ಕ. ಹುಡುಗ ಕೊಟ್ಟ ಚೀಟಿಯಲ್ಲಿ ಮೋಡೆಮ್‌ನ ಸರಣಿ ಸಂಖ್ಯೆ ಇತ್ತು. ಎರಡೇ ವಾಕ್ಯ ಬರೆಸಿದೆ: ಆಗಸ್ಟ್ 31ರ ಕೋರಿಕೆಯಂತೆ ಮುಚ್ಚಿದ ದಿನಾಂಕ ತಿದ್ದಿ 826 ಸೇರಿಸಿ, ಲಗತ್ತಿಸಿದ ಚೀಟಿಯಂತೆ 2,000 ತೆಗೆಯಿರಿ. ಜೊತೆಗೆ ತಿದ್ದಿದ ಬಿಲ್ ಕೇಳಿದೆವು. ದುಡ್ಡು ಬಂದರೂ ಹಳೆಯ ಬಿಲ್ ಹಾಗೇ ಉಳಿದರೆ ಮುಂದೊಂದು ದಿನ ಬಾಕಿ ವಸೂಲಿಯವರ ಫೋನ್ ಬರಬಹುದು.

ಎಲ್ಲರಿಗೂ ಲೆಕ್ಕ ಇಷ್ಟು ಸರಳವಾಗಿ ಬರುತ್ತದೆಂದು ಮಾತು ಕೊಡಲಾರೆ. ವಾರ್ಷಿಕ ಪ್ಲಾನ್‌ಗೆ ರಿಯಾಯಿತಿ ಅಥವಾ ಉಚಿತ ತಿಂಗಳು ಸಿಕ್ಕಿದ್ದರೆ, ಮಧ್ಯದಲ್ಲಿ ಬಿಟ್ಟವರ ಬಳಸಿದ ತಿಂಗಳುಗಳನ್ನು ಮಾಸಿಕ ದರದಲ್ಲೇ ಲೆಕ್ಕ ಹಾಕುವ ಷರತ್ತು ಇರಬಹುದು. ಕಟ್ಟುವಾಗಿನ ಷರತ್ತುಗಳನ್ನು ಓದಿಯೇ ಮೊತ್ತ ಬರೆಯಿರಿ. ಭದ್ರತಾ ಠೇವಣಿ ಇಟ್ಟಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಕೇಳಿ. ಅದು ಬಾಡಿಗೆಯಲ್ಲ, ಅದರ ಮೇಲೆ ತಿಂಗಳ ಲೆಕ್ಕ ನಡೆಯುವುದಿಲ್ಲ.

ಕಂಪನಿ ಮಾತು ಕೇಳದಿದ್ದರೆ ಜನ ನೇರವಾಗಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆಯುತ್ತಾರೆ. ಒಬ್ಬೊಬ್ಬರ ದೂರನ್ನು ಟ್ರಾಯ್ ಇತ್ಯರ್ಥ ಮಾಡುವುದಿಲ್ಲ. ಟ್ರಾಯ್‌ನ 2012ರ ನಿಯಮಾವಳಿಯಂತೆ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ ಪಡೆಯಬೇಕು. ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು. ಅದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು. ನಮ್ಮ ಶಿಕ್ಷಕಿಯ ಬಿಲ್ ತಿದ್ದಲ್ಪಟ್ಟದ್ದು ಈ ಮೇಲ್ಮನವಿಯಲ್ಲಿ. ಅಲ್ಲೂ ಆಗದಿದ್ದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ದೂರಸಂಪರ್ಕ ವ್ಯಾಜ್ಯ ಆಯೋಗಕ್ಕೆ ಬರುವುದಿಲ್ಲವೆಂದು ಕಂಪನಿಯವರು ವಾದಿಸುತ್ತಿದ್ದರು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಶಿಕ್ಷಕಿಗೆ ದುಡ್ಡು ತಡವಾಗಲು ಇನ್ನೊಂದು ಕಾರಣವಿತ್ತು. ಸಂಪರ್ಕ ಇದ್ದದ್ದು ಅವರ ತಂದೆಯ ಹೆಸರಿನಲ್ಲಿ, ಕೊಟ್ಟ ಬ್ಯಾಂಕ್ ಖಾತೆ ಇವರದು. ಹೆಸರು ಹೊಂದದೆ ಹಣ ಕಂಪನಿಗೇ ವಾಪಸ್ ಹೋಗಿತ್ತು. ಕೊನೆಗೆ ತಂದೆಯ ಸಹಿಯ ಒಪ್ಪಿಗೆ ಪತ್ರ, ರದ್ದು ಮಾಡಿದ ಚೆಕ್ ಎರಡನ್ನೂ ಕಳಿಸಿದ ಮೇಲೆ 5,782 ಪೂರ್ತಿ ಜಮಾ ಆಯಿತು.