50 ಕೆಬಿ ಫೋಟೋ, 139 ಎಂಬಿ ಸಹಿ

ಹೋದ ತಿಂಗಳು ತಿಪಟೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಫೋಟೋ ತಗೊಳ್ತಾನೇ ಇಲ್ಲ. ನಾಳೆ ಕೊನೇ ದಿನ." ಬ್ಯಾಂಕ್ ಪರೀಕ್ಷೆಯ ಅರ್ಜಿ. ಫೋಟೋ 20ರಿಂದ 50 ಕೆಬಿ ಒಳಗೆ ಇರಬೇಕು, ಅಗಲ 200 ಪಿಕ್ಸೆಲ್, ಎತ್ತರ 230 ಪಿಕ್ಸೆಲ್ ಎಂದು ಅಲ್ಲಿ ಬರೆದಿತ್ತು. ಅವಳ ಫೋನಿನ ಫೋಟೋ 4 ಎಂಬಿ ಇತ್ತು. "ಚೆನ್ನಾಗಿರೋ ಫೋಟೋನ ಯಾಕೆ ಹಾಳು ಮಾಡಿ ಕೊಡಬೇಕು?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನು ಇಂಥ ಅರ್ಜಿಗಳ ಅಪ್‌ಲೋಡ್ ಭಾಗವನ್ನು ಕಟ್ಟುವ ಕೆಲಸದಲ್ಲೇ ಹಲವು ವರ್ಷಗಳಿಂದ ಇದ್ದೇನೆ. ಫೈಲು ನಮ್ಮ ಕಡೆಗೆ ಬಂದ ಮೇಲೆ ಏನಾಗುತ್ತದೆ ಎಂದು ಗೊತ್ತಾದರೆ ಅವಳ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಮೊದಲು ಫೈಲಿನ ಬಗೆ. ಹೆಚ್ಚಿನ ಅರ್ಜಿಗಳು ಜೆಪೆಗ್ ಕೇಳುತ್ತವೆ, ಕೆಲವು ಪಿಎನ್‌ಜಿಯನ್ನೂ ಒಪ್ಪುತ್ತವೆ. ಜೆಪೆಗ್ ಎಂದರೂ ಜೆಪಿಜಿ ಎಂದರೂ ಒಂದೇ. ಹಳೆಯ ಕಂಪ್ಯೂಟರ್‌ಗಳಲ್ಲಿ ಫೈಲ್ ಹೆಸರಿನ ಬಾಲಕ್ಕೆ ಮೂರೇ ಅಕ್ಷರದ ಜಾಗ ಇತ್ತು, ಹಾಗಾಗಿ `.jpeg` ಎಂಬುದು `.jpg` ಆಯಿತು.

ಜೆಪೆಗ್ 1992ರಿಂದ ಇದೆ. ಅದು ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ನವಿರು ವಿವರಗಳನ್ನು ಬಿಟ್ಟುಬಿಡುತ್ತದೆ. ಬೆಳಕಿನ ಏರಿಳಿತ ಕಣ್ಣಿಗೆ ಬೇಗ ಗೊತ್ತಾಗುತ್ತದೆ, ಬಣ್ಣದ ಸಣ್ಣ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಆದ್ದರಿಂದ ಬಣ್ಣದ ಮಾಹಿತಿಯನ್ನು ಇನ್ನೂ ಜಾಸ್ತಿ ಬಿಡುತ್ತದೆ. ಮುಖ, ಮರ, ಆಕಾಶ ಇಂಥವಕ್ಕೆ ಈ ದಾರಿ ಚೆನ್ನಾಗಿ ಒಗ್ಗುತ್ತದೆ. ಆದರೆ ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಗೆ ಒಗ್ಗುವುದಿಲ್ಲ. ಕ್ವಾಲಿಟಿ ತುಂಬಾ ಇಳಿಸಿದ ಸಹಿಯ ಜೆಪೆಗ್ ಅನ್ನು ದೊಡ್ಡದು ಮಾಡಿ ನೋಡಿ, ಗೆರೆಯ ಸುತ್ತ ಬೂದಿ ಉದುರಿಸಿದ ಹಾಗೆ ಕೊಳೆ ಕಾಣುತ್ತದೆ.

1996ರಲ್ಲಿ ಬಂದ ಪಿಎನ್‌ಜಿ ಏನನ್ನೂ ಬಿಡುವುದಿಲ್ಲ. ಮತ್ತೆ ಮತ್ತೆ ಬರುವ ಒಂದೇ ಬಗೆಯ ಪಿಕ್ಸೆಲ್‌ಗಳನ್ನು ಚುಟುಕಾಗಿ ಬರೆದಿಡುತ್ತದೆ, ಅಷ್ಟೇ. ತೆರೆದಾಗ ಒಂದು ಚುಕ್ಕೆಯೂ ವ್ಯತ್ಯಾಸ ಆಗಿರುವುದಿಲ್ಲ. ಶುದ್ಧ ಬಿಳಿ, ಶುದ್ಧ ಕಪ್ಪು ಇರುವ ಸ್ಕ್ಯಾನ್ ಮಾಡಿದ ಸಹಿ, ಸ್ಕ್ರೀನ್‌ಶಾಟ್, ಲೋಗೋ ಇವೆಲ್ಲ ಪಿಎನ್‌ಜಿಯಲ್ಲಿ ಪುಟ್ಟದಾಗಿ ಕೂರುತ್ತವೆ. ಮುಖದ ಫೋಟೋದಲ್ಲಿ ಮಾತ್ರ ಅಕ್ಕಪಕ್ಕದ ಎರಡು ಪಿಕ್ಸೆಲ್ ಕೂಡ ಒಂದೇ ತರ ಇರುವುದಿಲ್ಲ, ಅಲ್ಲಿ ಫೈಲು ಹಲವು ಪಟ್ಟು ಊದಿಕೊಳ್ಳುತ್ತದೆ. ಸಹಿಯನ್ನು ಫೋನಿನಲ್ಲಿ ಕ್ಲಿಕ್ ಮಾಡಿ ಪಿಎನ್‌ಜಿ ಮಾಡಿದರೂ ಇದೇ ಕಥೆ. ಹಾಳೆಯ ಮೇಲಿನ ನೆರಳು, ಕಾಗದದ ನಾರು ಎಲ್ಲವನ್ನೂ ಅದು ನಿಷ್ಠೆಯಿಂದ ಕಾಪಾಡುತ್ತದೆ.

ಈ ಎರಡನ್ನೇ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಿಮ್ಮ ಫೋಟೋ ನಮ್ಮ ಪರದೆಯಲ್ಲೇ ನಿಲ್ಲುವುದಿಲ್ಲ. ಹಾಲ್ ಟಿಕೆಟ್‌ನ ಪಿಡಿಎಫ್‌ಗೆ ಹೋಗುತ್ತದೆ, ಪರೀಕ್ಷಾ ಕೇಂದ್ರದ ಹಾಜರಿ ಪಟ್ಟಿಗೆ ಹೋಗುತ್ತದೆ, ಯಾವುದೋ ಊರಿನ ಹಳೆಯ ಪ್ರಿಂಟರ್‌ಗೆ ಹೋಗುತ್ತದೆ. ದಾರಿಯಲ್ಲಿರುವ ಪ್ರತಿಯೊಂದು ಸಾಫ್ಟ್‌ವೇರೂ ಅದನ್ನು ಓದಬೇಕು. ಜೆಪೆಗ್ ಫೈಲನ್ನಂತೂ ಪಿಡಿಎಫ್ ಒಳಗೆ ಇದ್ದ ಹಾಗೇ ಇಡಬಹುದು, ಬಿಚ್ಚಿ ಮತ್ತೆ ಕಟ್ಟುವ ಕೆಲಸವೇ ಇಲ್ಲ. ವೆಬ್‌ಪಿ ಎಂಬ ಚಿತ್ರದ ಬಗೆ ಇವತ್ತಿನ ಬ್ರೌಸರ್‌ಗಳಲ್ಲಿ ಕಾಣುತ್ತದೆ, ಆದರೆ ಹಿಂದೆ ಕೂತ ಹಳೆಯ ಸಾಫ್ಟ್‌ವೇರ್‌ಗಳು ಎಷ್ಟೋ ಕಡೆ ಅದನ್ನು ಓದುವುದಿಲ್ಲ. ಎಸ್‌ವಿಜಿ ಎಂಬ ಬಗೆಯ ಚಿತ್ರದ ಫೈಲಿನ ಒಳಗೆ ಸ್ಕ್ರಿಪ್ಟ್, ಅಂದರೆ ತೆರೆದಾಗ ಓಡುವ ಸಣ್ಣ ಪ್ರೋಗ್ರಾಂ, ಇಡಬಹುದು, ಅಪರಿಚಿತರಿಂದ ಅದನ್ನು ತೆಗೆದುಕೊಳ್ಳುವುದು ಅಪಾಯ.

ಜಾಸ್ತಿ ತಾಪತ್ರಯ ಕೊಡುವುದು ಐಫೋನು ಫೋಟೋ ಉಳಿಸುವ ಬಗೆಯಾದ ಎಚ್‌ಇಐಸಿ. ಜನ ಅದನ್ನು ಹೆಸರು ಬದಲಿಸಿ `.jpg` ಮಾಡಿ ಕಳಿಸುತ್ತಾರೆ. ಬಾಟಲಿಯ ಚೀಟಿ ಬದಲಿಸಿದರೆ ಒಳಗಿನ ಎಣ್ಣೆ ಬದಲಾಗುವುದಿಲ್ಲವಲ್ಲ. ನಾವು ಹೆಸರನ್ನು ನಂಬುವುದಿಲ್ಲ, ಫೈಲಿನ ಮೊದಲ ಕೆಲವು ಬೈಟ್ ನೋಡುತ್ತೇವೆ. ಜೆಪೆಗ್ ಆದರೆ `FF D8 FF` ಎಂದು ಶುರುವಾಗುತ್ತದೆ, ಪಿಎನ್‌ಜಿ ಆದರೆ `89 50 4E 47`. ಬೇರೆ ಏನಾದರೂ ಇದ್ದರೆ ವಾಪಸ್. ಐಫೋನ್ ಇರುವವರು ಸೆಟ್ಟಿಂಗ್ಸ್‌ನ `Camera` ಒಳಗೆ `Formats` ಒತ್ತಿ `Most Compatible` ಆರಿಸಿಕೊಂಡು ಮತ್ತೆ ಫೋಟೋ ತೆಗೆದರೆ ನಿಜವಾದ ಜೆಪೆಗ್ ಸಿಗುತ್ತದೆ.

ಈಗ ಅಳತೆಯ ವಿಷಯ. ಇಲ್ಲಿ ಎರಡು ಬೇರೆ ಬೇರೆ ಅಳತೆ ಇವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕೆಬಿ ಎನ್ನುವುದು ಮಡಚಿಟ್ಟ ಫೈಲಿನ ತೂಕ. ಪಿಕ್ಸೆಲ್ ಎನ್ನುವುದು ಬಿಚ್ಚಿ ಹರಡಿದಾಗಿನ ಅಗಲ ಉದ್ದ. ಕೆಬಿ ಮಿತಿಯ ಕಾರಣ ಸುಲಭವಾಗಿ ಲೆಕ್ಕಕ್ಕೆ ಸಿಗುತ್ತದೆ. ಮೂರು ಲಕ್ಷ ಜನ ತಲಾ 4 ಎಂಬಿ ಕಳಿಸಿದರೆ 1,200 ಜಿಬಿ. ತಲಾ 50 ಕೆಬಿ ಕಳಿಸಿದರೆ ಬರೀ 15 ಜಿಬಿ. ಅದನ್ನು ಇಟ್ಟುಕೊಳ್ಳಬೇಕು, ನಕಲು ಇಡಬೇಕು, ಪ್ರತಿ ಹಾಲ್ ಟಿಕೆಟ್ ತೆರೆದಾಗ ಮತ್ತೆ ಕಳಿಸಬೇಕು. ಕಳಿಸುವವರ ಕಡೆಯೂ ನೋಡಿ. ಸೆಕೆಂಡಿಗೆ 512 ಕಿಲೋಬಿಟ್ ಹೋಗುವ ಹಳ್ಳಿಯ ನೆಟ್‌ವರ್ಕಿನಲ್ಲಿ 4 ಎಂಬಿ ಹೋಗಲು ಒಂದು ನಿಮಿಷ ಬೇಕು. ನಡುವೆ ಸಿಗ್ನಲ್ ಹೋದರೆ ಮೊದಲಿಂದ ಶುರು. 50 ಕೆಬಿ ಒಂದು ಸೆಕೆಂಡಿನ ಒಳಗೆ ಹೋಗುತ್ತದೆ.

ಪಿಕ್ಸೆಲ್ ಮಿತಿಯ ಕಾರಣ ನನಗೆ ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ಒಂದು ಅರ್ಜಿಯಲ್ಲಿ ಸಹಿಗೆ 100 ಕೆಬಿ ಮಿತಿ ಇಟ್ಟಿದ್ದೆವು, ಪಿಕ್ಸೆಲ್ ಬಗ್ಗೆ ಏನೂ ಹೇಳಿರಲಿಲ್ಲ. ಕೊನೆಯ ದಿನ ಸಂಜೆ ಸರ್ವರ್ ನಿಂತುಹೋಯಿತು. ಬಂದ ಫೈಲುಗಳೆಲ್ಲ 40 ಕೆಬಿ ಆಸುಪಾಸು, ನಿಯಮದ ಒಳಗೇ ಇದ್ದವು. ತೆಗೆದು ನೋಡಿದರೆ, ಯಾವುದೋ ಸೈಬರ್ ಸೆಂಟರ್‌ನಲ್ಲಿ ಇಡೀ ಎ4 ಹಾಳೆಯನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಬರೀ ಕಪ್ಪು ಬಿಳುಪಾಗಿ ಸ್ಕ್ಯಾನ್ ಮಾಡಿ ಪಿಎನ್‌ಜಿ ಕಳಿಸುತ್ತಿದ್ದರು. ಸಹಿ ಹಾಳೆಯ ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಬಿಳಿ. ಬಿಳಿ ಚೆನ್ನಾಗಿ ಮಡಚಿಕೊಳ್ಳುತ್ತದೆ, ಅದಕ್ಕೇ ಫೈಲು ಸಣ್ಣದು. ಆದರೆ ಆ ಹಾಳೆಯ ಅಗಲ 4,960 ಪಿಕ್ಸೆಲ್, ಉದ್ದ 7,016. ಒಟ್ಟು ಮೂರೂವರೆ ಕೋಟಿ ಪಿಕ್ಸೆಲ್‌ಗೆ ಒಂದಿಷ್ಟೇ ಕಡಿಮೆ. ಅದನ್ನು ಸಣ್ಣದು ಮಾಡಲು ನಮ್ಮ ಪ್ರೋಗ್ರಾಂ ಮೊದಲು ಪೂರ್ತಿ ಬಿಚ್ಚುತ್ತಿತ್ತು, ಪ್ರತಿ ಪಿಕ್ಸೆಲ್‌ಗೆ 4 ಬೈಟ್. ಒಂದು ಸಹಿಗೆ 139 ಎಂಬಿ ಮೆಮೊರಿ. ಇಪ್ಪತ್ತು ಜನ ಒಟ್ಟಿಗೆ ಕಳಿಸಿದರೆ ಸುಮಾರು 2.8 ಜಿಬಿ. ನಮ್ಮ ಸರ್ವರ್‌ನಲ್ಲಿ ಅಷ್ಟು ಮೆಮೊರಿ ಖಾಲಿ ಇರಲಿಲ್ಲ. ಯಾರದೂ ಕೆಟ್ಟ ಉದ್ದೇಶ ಅಲ್ಲ. ಇದನ್ನೇ ಬೇಕೆಂದು ಮಾಡುವವರೂ ಇದ್ದಾರೆ ಎಂಬುದು ಬೇರೆ ಮಾತು.

ಆ ರಾತ್ರಿಯ ನಂತರ ನಾನು ಕಟ್ಟುವ ಎಲ್ಲದರಲ್ಲೂ ಒಂದು ತಪಾಸಣೆ ಇರುತ್ತದೆ. ಪಿಎನ್‌ಜಿಯ ಅಗಲ ಮತ್ತು ಎತ್ತರ ಮೊದಲ 24 ಬೈಟ್‌ಗಳಲ್ಲೇ ಬರೆದಿರುತ್ತದೆ. ಅಷ್ಟನ್ನು ಮಾತ್ರ ಓದಿ, ಮಿತಿ ಮೀರಿದ್ದರೆ ಬಿಚ್ಚುವ ಮೊದಲೇ ನಿಲ್ಲಿಸುತ್ತೇವೆ.

ಸರಿ, ಅಕ್ಕನ ಮಗಳ ಫೋಟೋಗೆ ಬರೋಣ. ಅವಳು ಏನೋ ಒಂದು ಆ್ಯಪ್‌ನಲ್ಲಿ 4 ಎಂಬಿಯನ್ನು ನೇರವಾಗಿ 50 ಕೆಬಿಗೆ ಇಳಿಸಿದ್ದಳು. ಅಗಲ ಎತ್ತರ ಆಗಲೂ 200, 230ಕ್ಕಿಂತ ಹಲವು ಪಟ್ಟು ಇತ್ತು. ಅಷ್ಟೊಂದು ಪಿಕ್ಸೆಲ್‌ಗಳನ್ನು 50 ಕೆಬಿಗೆ ತುರುಕಿದರೆ ಉಳಿಯುವುದು ಚೌಕಚೌಕದ ಮುಖ. ಪಿಕ್ಸೆಲ್ ಅಳತೆ ತಪ್ಪಿದ್ದರಿಂದ ಅರ್ಜಿ ಅದನ್ನೂ ಒಪ್ಪಲಿಲ್ಲ. ಮೂಲ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು ಎಂದೆ. ಸುಮ್ನೆ ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ತಾನೇ ಒಮ್ಮೆ ಕುಗ್ಗಿಸುತ್ತದೆ, ಜೆಪೆಗ್ ಅನ್ನು ಕುಗ್ಗಿಸಿ ಉಳಿಸಿದಷ್ಟು ಸಲ ವಿವರ ಹೋಗುತ್ತಲೇ ಇರುತ್ತದೆ.

ಮೊದಲು ಕ್ರಾಪ್ ಮಾಡಿದೆ. ಮುಖ ಮತ್ತು ಭುಜ ಮಾತ್ರ ಉಳಿಸಿ, ಅಗಲ ಎತ್ತರದ ಪ್ರಮಾಣವನ್ನು 200ಕ್ಕೆ 230 ಎಂದು ಹೊಂದಿಸಿದೆ. ಈ ಹೆಜ್ಜೆ ಬಿಟ್ಟು ನೇರವಾಗಿ 200, 230 ಎಂದು ಕೊಟ್ಟರೆ ಮುಖ ಅಡ್ಡಡ್ಡ ಎಳೆದಂತೆ ಆಗುತ್ತದೆ. ಆಮೇಲೆ ಪಿಕ್ಸೆಲ್ ಇಳಿಸಿದೆ. ಕೊನೆಗೆ ಕ್ವಾಲಿಟಿ 80 ಇಟ್ಟು ಜೆಪೆಗ್ ಉಳಿಸಿದೆ. 11 ಕೆಬಿ ಬಂತು. ಈಗ ಕೆಳಗಿನ ಮಿತಿಗೆ ಸಿಕ್ಕಿಕೊಂಡಿತು, 20 ಕೆಬಿಗಿಂತ ಕಡಿಮೆ!

ಕೆಳಗಿನ ಮಿತಿ ಇರುವುದು ತೀರಾ ಹಿಂಡಿದ, ಮುದ್ರಿಸಿದರೆ ಗುರುತು ಸಿಗದ ಫೋಟೋಗಳನ್ನು ತಡೆಯಲು. ಆದರೆ 200 × 230 ಎಂದರೆ 46,000 ಪಿಕ್ಸೆಲ್ ಮಾತ್ರ. ಒಂದಿಷ್ಟೂ ಮಡಚದೆ ಇಟ್ಟರೂ ಸುಮಾರು 138 ಕೆಬಿ. ಅದರಲ್ಲಿ ಒಳ್ಳೆಯ ಜೆಪೆಗ್ 11 ಕೆಬಿಗೆ ಬರುವುದು ಸಹಜ. ಸಹಿಗೆ 140 × 60 ಪಿಕ್ಸೆಲ್ ಕೇಳಿ ಕನಿಷ್ಠ 10 ಕೆಬಿ ಇರಬೇಕು ಎನ್ನುವ ಅರ್ಜಿಗಳೂ ಇವೆ. ಆ ಚಿತ್ರ ಮಡಚದೇ ಇದ್ದಾಗಲೇ ಸುಮಾರು 25 ಕೆಬಿ ಮಾತ್ರ. ಪಿಕ್ಸೆಲ್ ಅಳತೆ ಕೇಳಿದ ಮೇಲೆ ಕನಿಷ್ಠ ಕೆಬಿ ಕೇಳುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಇದರಿಂದ ತೊಂದರೆ ಆಗುವುದು ಸರಿಯಾಗಿ ಮಾಡಿದವರಿಗೇ. ನಮ್ಮ ತಂಡದಲ್ಲಿ ಈ ವಾದವನ್ನು ಪ್ರತಿ ಸಲ ಮಾಡುತ್ತೇನೆ.

ದಾರಿ ಇದೆ. ಪಿಕ್ಸೆಲ್ ಮುಟ್ಟಬೇಡಿ, ಕ್ವಾಲಿಟಿ ಏರಿಸಿ. 95ಕ್ಕೆ ಏರಿಸಿದೆ, 24 ಕೆಬಿ ಬಂತು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂ ಇರುವವರಿಗೆ ಇದೆಲ್ಲ ಒಂದೇ ಸಾಲು:

```
magick photo.jpg -auto-orient -resize "200x230^" -gravity center -extent 200x230 -strip -quality 95 out.jpg
```

ಇಲ್ಲಿ `-extent` ನಡುವಿನ ಭಾಗ ಉಳಿಸಿ ಹೆಚ್ಚಾದದ್ದನ್ನು ಕತ್ತರಿಸುತ್ತದೆ, ಹಾಗಾಗಿ ಮುಖ ನಡುವೆ ಬರುವಂತೆ ಮೊದಲೇ ಕ್ರಾಪ್ ಮಾಡಿರಬೇಕು. `-auto-orient` ಮರೆಯಬೇಡಿ. ಫೋನು ಎಷ್ಟೋ ಸಲ ಚಿತ್ರವನ್ನು ಅಡ್ಡಲಾಗಿಯೇ ಉಳಿಸಿ, "ತೋರಿಸುವಾಗ ತಿರುಗಿಸು" ಎಂದು ಪಕ್ಕದಲ್ಲಿ ಬರೆದಿಟ್ಟಿರುತ್ತದೆ. ಆ ಬರಹವನ್ನು ಓದದ ಸಾಫ್ಟ್‌ವೇರ್‌ನಲ್ಲಿ ಮುಖ ಅಡ್ಡ ಮಲಗುತ್ತದೆ. `-strip` ಆ ಪಕ್ಕದ ಬರಹವನ್ನೂ, ಫೋಟೋ ತೆಗೆದ ಜಾಗದ ಗುರುತು ಇದ್ದರೆ ಅದನ್ನೂ ಅಳಿಸುತ್ತದೆ.

ಫೈಲ್ ಒಪ್ಪಿತು. ಆದರೂ ಅರ್ಜಿ ಸಲ್ಲಿಸುವ ಮೊದಲು ಪ್ರಿವ್ಯೂ ಪುಟವನ್ನು ಪ್ರಿಂಟ್ ಮಾಡಿ ನೋಡು ಎಂದೆ. ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಿ, ತೋಳಿನ ಉದ್ದ ದೂರ ಹಿಡಿದು ನೋಡಿದಳಂತೆ. ಕಣ್ಣು, ಮೂಗು, ಹಣೆಯ ಬೊಟ್ಟು ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ ಎಂದು ಫೋನ್ ಮಾಡಿ ಹೇಳಿದಳು, ಆಮೇಲೇ ಸಲ್ಲಿಸಿದಳು.